ಹೊಟೇಲ್ ಸಿಬ್ಬಂದಿಯ ವಾರ್ಷಿಕ ದಿನ: ಬೋನಸ್ ಪ್ರಕಟಿಸುವ ಭಾಷಣವನ್ನು ಸಿದ್ಧಪಡಿಸುವುದು ಹೀಗೆ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಮ್ಮದೊಂದು ಸಸ್ಯಾಹಾರಿ ಹೊಟೇಲಿದೆ. ಬೆಳಿಗ್ಗೆ ತಟ್ಟೆ ಇಡ್ಲಿ, ಮಧ್ಯಾಹ್ನ ಊಟ, ಸಂಜೆ ದೋಸೆ. ಕೆಲಸಕ್ಕೆ ಇಪ್ಪತ್ತನಾಲ್ಕು ಜನ. ವರ್ಷಕ್ಕೊಮ್ಮೆ ಅವರೆಲ್ಲರನ್ನೂ ಕೂರಿಸಿ, ನಾನು ಎದ್ದು ನಿಂತು ಮಾತಾಡುತ್ತೇನೆ. ಮೊದಲ ಸಲ ಮಾತಾಡಿದ ವರ್ಷ ನಾನು ಮಾಡಿದ ತಪ್ಪಿನಿಂದ ಇಬ್ಬರು ಒಳ್ಳೆಯ ಸಪ್ಲೈಯರ್‌ಗಳು ಹಬ್ಬಕ್ಕೆ ಊರಿಗೆ ಹೋದವರು ಮತ್ತೆ ಬರಲೇ ಇಲ್ಲ. ನಿಮ್ಮಲ್ಲಿ ಹಾಗಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಆ ವರ್ಷ ನಾನು ಹೇಳಿದ್ದು ಒಂದೇ ವಾಕ್ಯ: "ಈ ಸಲ ಎಲ್ಲರಿಗೂ ಒಂದು ತಿಂಗಳ ಸಂಬಳ ಬೋನಸ್." ಚಪ್ಪಾಳೆ ಬಿತ್ತು, ಹುಡುಗರು ಸಿಳ್ಳೆ ಹಾಕಿದರು. ಮಾರನೇ ದಿನ ಕವರ್ ಕೊಟ್ಟಾಗ ಲೆಕ್ಕದ ವರ್ಷದಲ್ಲಿ ನಾಲ್ಕು ತಿಂಗಳಷ್ಟೇ ದುಡಿದಿದ್ದವನಿಗೆ ಸಿಕ್ಕಿದ್ದು ಒಂದು ತಿಂಗಳ ಸಂಬಳದ ಮೂರನೇ ಒಂದು ಪಾಲು. ಇನ್ನೊಬ್ಬನ ಕವರಿನಲ್ಲಿ ಅವನು ತಂಗಿ ಮದುವೆಗೆಂದು ತೆಗೆದುಕೊಂಡಿದ್ದ ಅಡ್ವಾನ್ಸ್ ಕಳೆದು ಉಳಿದದ್ದು ಮಾತ್ರ ಇತ್ತು. ಲೆಕ್ಕ ಬರೆಯುವವರು ಲೆಕ್ಕದ ಪ್ರಕಾರವೇ ಮಾಡಿದ್ದರು. ತಪ್ಪಿದ್ದದ್ದು ನನ್ನ ವಾಕ್ಯ. ಕಿವಿಗೆ ಬಿದ್ದ ಮೊತ್ತ ಒಂದು, ಕೈಗೆ ಬಂದ ಮೊತ್ತ ಇನ್ನೊಂದು. ಅದನ್ನು ಯಾರೂ ನನ್ನ ಮುಂದೆ ಕೇಳಲಿಲ್ಲ. ಮಲಗುವ ಕೋಣೆಯಲ್ಲಿ ಕವರ್ ಬಿಚ್ಚಿ ಒಬ್ಬರದನ್ನೊಬ್ಬರು ಹೋಲಿಸಿದ್ದಾರೆ, ಅಷ್ಟೇ.

ಆಮೇಲಿನಿಂದ ನಾನು ಭಾಷಣವನ್ನು ಲೆಕ್ಕದ ಪುಸ್ತಕದಿಂದ ಶುರು ಮಾಡುತ್ತೇನೆ. ಲೆಕ್ಕ ಮುಗಿಯುವವರೆಗೆ ಒಂದು ಸಾಲೂ ಬರೆಯುವುದಿಲ್ಲ.

ಮೊದಲು ದಿನ ಗೊತ್ತು ಮಾಡಿ

ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿಯುತ್ತದೆ. ಬೋನಸ್ಸನ್ನು ಅಲ್ಲಿಂದ ಎಂಟು ತಿಂಗಳೊಳಗೆ, ಅಂದರೆ ನವೆಂಬರ್ 30ರೊಳಗೆ ಕೊಡಬೇಕು ಎನ್ನುತ್ತದೆ ಕಾನೂನು. ಆಡಿಟರ್ ಕೆಲಸ ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ಒಂದು ಹದಕ್ಕೆ ಬಂದಿರುತ್ತದೆ. ಹಾಗಾಗಿ ನಮಗೆ ಆಯುಧ ಪೂಜೆಯ ವಾರ ಸರಿಹೊಂದುತ್ತದೆ. ಪೂಜೆಯ ದಿನವೇ ಇಟ್ಟುಕೊಳ್ಳಬೇಡಿ. ಅವತ್ತು ಗ್ರೈಂಡರ್, ಒಲೆ, ಗಾಡಿ ತೊಳೆದು ಪೂಜೆ ಮಾಡುವುದರಲ್ಲೇ ಜನ ಸುಸ್ತಾಗಿರುತ್ತಾರೆ, ಮಾರನೇ ದಿನದಿಂದ ಹೆದ್ದಾರಿಯಲ್ಲಿ ರಜೆಯ ಗಿರಾಕಿಗಳು ತುಂಬುತ್ತಾರೆ. 2024ರಲ್ಲಿ ಆಯುಧ ಪೂಜೆ ಅಕ್ಟೋಬರ್ 11, ಶುಕ್ರವಾರ ಬಿತ್ತು. ನಾವು ಅಕ್ಟೋಬರ್ 8ರ ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಕಾರ್ಯಕ್ರಮ ಇಟ್ಟುಕೊಂಡೆವು. ಊಟದ ಗಿರಾಕಿ ಮುಗಿದು ಸಂಜೆಯ ದೋಸೆ ಕಲ್ಲು ಕಾಯುವ ಮುಂಚಿನ ಆ ಎರಡು ಗಂಟೆಯೇ ಹೊಟೇಲಿನವರಿಗೆ ಸಿಗುವ ಬಿಡುವು. ಬಾಗಿಲಿಗೆ ಹಿಂದಿನ ದಿನವೇ ಬೋರ್ಡ್ ಹಾಕಿ, ಆ ಎರಡು ಗಂಟೆ ಪೂರ್ತಿ ಮುಚ್ಚಿ. ಪಾರ್ಸಲ್ ಕೌಂಟರಿಗೆ ಒಬ್ಬನನ್ನು ಬಿಟ್ಟರೆ ವಾರ್ಷಿಕ ದಿನ ತಪ್ಪಿಸಿಕೊಳ್ಳುವುದು ಆ ಒಬ್ಬನೇ, ಅವನು ಸಾಮಾನ್ಯವಾಗಿ ಎಲ್ಲರಿಗಿಂತ ಕಿರಿಯ.

ಹಬ್ಬಕ್ಕೆ ಮೂರು ದಿನ ಮುಂಚೆ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ದುಡ್ಡು ಹಬ್ಬದ ಮುಂಚೆ ಕೈಗೆ ಬಂದರೆ ಊರಿಗೆ ಕಳಿಸಬಹುದು, ಮಕ್ಕಳಿಗೆ ಬಟ್ಟೆ ತರಬಹುದು. ಹಬ್ಬ ಕಳೆದ ಮೇಲೆ ಬಂದ ಬೋನಸ್ ಆ ಹೊತ್ತಿಗೆ ಮಾಡಿಕೊಂಡ ಸಾಲಕ್ಕೆ ಹೋಗುತ್ತದೆ.

ಬೋನಸ್ ಲೆಕ್ಕ: ಹಕ್ಕು ಎಷ್ಟು, ನಿಮ್ಮ ಮನಸ್ಸು ಎಷ್ಟು

ಇಡೀ ಭಾಷಣ ನಿಲ್ಲುವುದು ಇದರ ಮೇಲೆ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಹೊಟೇಲಿಗೆ ಬೋನಸ್ ಕಾನೂನು ಅನ್ವಯಿಸುತ್ತದೆ. 1965ರ ಬೋನಸ್ ಪಾವತಿ ಕಾಯ್ದೆಯ ಜಾಗದಲ್ಲಿ 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂದಿದೆ. ಮುಖ್ಯ ಲೆಕ್ಕ ಎರಡರಲ್ಲೂ ಒಂದೇ: ಕನಿಷ್ಠ ಶೇಕಡ 8.33, ಗರಿಷ್ಠ ಶೇಕಡ 20. ವರ್ಷದಲ್ಲಿ ಮೂವತ್ತು ದಿನ ಕೆಲಸ ಮಾಡಿದವರಿಗೂ, ಅವರು ದುಡಿದಷ್ಟು ಕಾಲಕ್ಕೆ, ಬೋನಸ್ ಬರುತ್ತದೆ. ನಷ್ಟವಾದ ವರ್ಷವೂ ಕನಿಷ್ಠ ಬೋನಸ್ ತಪ್ಪುವುದಿಲ್ಲ. ಹೊಸದಾಗಿ ತೆರೆದ ಹೊಟೇಲಿಗೆ ಮಾತ್ರ ಮೊದಲ ಐದು ವರ್ಷ ಲಾಭ ಬಂದ ವರ್ಷಕ್ಕಷ್ಟೇ ಕೊಡುವ ವಿನಾಯಿತಿ ಇದೆ.

8.33 ಎಂದರೆ ನೂರನ್ನು ಹನ್ನೆರಡರಿಂದ ಭಾಗಿಸಿದ್ದು. ವರ್ಷದ ಸಂಬಳದ ಹನ್ನೆರಡನೇ ಒಂದು ಭಾಗ, ಒಂದು ತಿಂಗಳ ಸಂಬಳ. ಅದನ್ನು ಯಾವ ಸಂಬಳದ ಮೇಲೆ ಲೆಕ್ಕ ಹಾಕಬೇಕು ಎನ್ನುವಲ್ಲಿ ಹಲವರು ಎಡವುತ್ತಾರೆ. ಹಳೇ ಕಾಯ್ದೆಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಬೋನಸ್ಸಿಗೆ ಬರುತ್ತಿದ್ದರು. ಲೆಕ್ಕ ಹಾಕುವುದಕ್ಕೆ 7,000 ರೂಪಾಯಿ ಅಥವಾ ಆ ಕೆಲಸಕ್ಕೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ವೇತನ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಹಿಡಿಯಬೇಕಿತ್ತು. ಎಷ್ಟೋ ಮಾಲೀಕರು 7,000ಕ್ಕೇ ನಿಂತುಬಿಡುತ್ತಾರೆ. ನಮ್ಮ ರಾಜ್ಯದಲ್ಲಿ ಹೊಟೇಲ್ ಕೆಲಸಕ್ಕೆ ಕನಿಷ್ಠ ವೇತನ ಪ್ರತ್ಯೇಕವಾಗಿ ನಿಗದಿಯಾಗುತ್ತದೆ, ಅದು 7,000ಕ್ಕಿಂತ ಬಹಳ ಮೇಲಿದೆ. ಹಾಗಾಗಿ ಏಳು ಸಾವಿರದ ಲೆಕ್ಕದಲ್ಲಿ ಕೊಟ್ಟರೆ ಕೊಡಬೇಕಾದ್ದರಲ್ಲಿ ಅರ್ಧವೂ ಆಗದೇ ಹೋಗಬಹುದು. ಈ ಮಿತಿಗಳನ್ನು ಸರ್ಕಾರ ಆಗಾಗ ಬದಲಿಸುತ್ತದೆ. ಭಾಷಣದ ತಿಂಗಳು ಆಡಿಟರ್ ಹತ್ತಿರ ಕೂತು, ಆ ವರ್ಷಕ್ಕೆ ಅನ್ವಯಿಸುವ ಅಂಕಿಯನ್ನು ಬರೆಸಿಕೊಳ್ಳಿ.

ನಮ್ಮ 2024ರ ಲೆಕ್ಕವನ್ನೇ ಬಿಡಿಸಿ ಹೇಳುತ್ತೇನೆ. ಅದು 2023ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗಿನ ಬೋನಸ್. ನಾವು ಮಿತಿಯ ಗೋಜಿಗೆ ಹೋಗದೆ ಪೂರ್ತಿ ಸಂಬಳದ ಮೇಲೇ ಲೆಕ್ಕ ಹಾಕಿದೆವು.

ಕ್ಲೀನರ್, ಪಾತ್ರೆ ತೊಳೆಯುವವರು, ತರಕಾರಿ ಹೆಚ್ಚುವವರು, ಹೊಸ ಸಪ್ಲೈಯರ್‌ಗಳು ಸೇರಿ ಹದಿನಾಲ್ಕು ಜನ. ವರ್ಷಪೂರ್ತಿ ದುಡಿದವರು, ಸಂಬಳ 15,000. ಶೇಕಡ 8.33 ಎಂದು ಗುಣಿಸಿದರೆ 14,994 ಬರುತ್ತದೆ. ಅದನ್ನು 15,000 ಮಾಡಿ. "ಆರು ರೂಪಾಯಿ ಎಲ್ಲಿ ಹೋಯ್ತು" ಎಂಬ ಪ್ರಶ್ನೆಗೆ ಉತ್ತರ ಹೇಳುವ ಶ್ರಮ ಆರು ರೂಪಾಯಿಗಿಂತ ದೊಡ್ಡದು. ಹಳೇ ಸಪ್ಲೈಯರ್‌ಗಳು ನಾಲ್ವರು, ತಲಾ 17,000. ಸೆಪ್ಟೆಂಬರಿನಲ್ಲಿ ಸೇರಿದ ಹುಡುಗ ಒಬ್ಬ; ಮಾರ್ಚ್‌ವರೆಗೆ ಏಳು ತಿಂಗಳು, ಅವನಿಗೆ 8,750. ಅಕ್ಟೋಬರ್ ಕೊನೆಗೆ ಕೆಲಸ ಬಿಟ್ಟು ಹೋದವನು ಇನ್ನೊಬ್ಬ. ಏಪ್ರಿಲ್‌ನಿಂದ ಅವನದೂ ಏಳು ತಿಂಗಳು, ಅವನಿಗೂ 8,750. ಬಿಟ್ಟು ಹೋದವನಿಗೆ ಯಾಕೆ ಎನ್ನಬೇಡಿ. ದುಡಿದ ತಿಂಗಳಿನ ಬೋನಸ್ ಅವನದು. ಕಳ್ಳತನ, ಮೋಸ, ಹೊಡೆದಾಟ ಇಂಥ ಕಾರಣಕ್ಕೆ ತೆಗೆದುಹಾಕಿದವರಿಗೆ ಮಾತ್ರ ಕಾನೂನು ಬೋನಸ್ ನಿರಾಕರಿಸುತ್ತದೆ.

ಇಷ್ಟು ಕಾನೂನಿನ ಬೋನಸ್. ಒಟ್ಟು 2,95,500 ರೂಪಾಯಿ.

ಇನ್ನು ಉಳಿದವರು. ಅಡುಗೆ ಭಟ್ಟರು, ದೋಸೆ ಮಾಸ್ಟರ್, ಇಡ್ಲಿ ಮಾಸ್ಟರ್, ಮ್ಯಾನೇಜರ್, ಈ ನಾಲ್ವರ ಸಂಬಳ 21,000 ದಾಟಿತ್ತು. ಕಾನೂನು ಅವರ ಬಗ್ಗೆ ಏನೂ ಹೇಳುವುದಿಲ್ಲ. ನಾವು ತಲಾ 15,000 ಕೊಟ್ಟೆವು, 60,000 ಆಯಿತು. ಜೂನ್‌ನಲ್ಲಿ ಸೇರಿದ ಒಬ್ಬ ಹುಡುಗನಿದ್ದ. ಅವನು ಸೇರಿದ್ದೇ ಮಾರ್ಚ್ ಕಳೆದ ಮೇಲೆ, ಆದ್ದರಿಂದ ಆ ವರ್ಷದ ಬೋನಸ್ಸಿನಲ್ಲಿ ಅವನ ಪಾಲಿಲ್ಲ. ಅವನ ಲೆಕ್ಕ ಮುಂದಿನ ವರ್ಷಕ್ಕೆ. ಆದರೆ ಅವನೂ ಎಲ್ಲರ ಜೊತೆ ಅದೇ ಹಾಲ್‌ನಲ್ಲಿ ಕೂತಿರುತ್ತಾನೆ ಎನ್ನುವುದು ನೆನಪಿರಲಿ. ಅದಕ್ಕೇ ಹೊಟೇಲಿನ ಕಡೆಯಿಂದ ಹಬ್ಬದ ಪಾಲು ಎಂದು ಇಪ್ಪತ್ತನಾಲ್ಕು ಜನರಿಗೂ ಸಮಾನವಾಗಿ 3,000 ಇಟ್ಟೆವು. ಭಟ್ಟರಿಗೂ ಅಷ್ಟೇ, ಜೂನ್‌ನಲ್ಲಿ ಸೇರಿದವನಿಗೂ ಅಷ್ಟೇ. 72,000 ಆಯಿತು.

ಎಲ್ಲಾ ಸೇರಿ 4,27,500. ಈ ಮೊತ್ತ ಬ್ಯಾಂಕಿನಲ್ಲಿ ಇದೆಯೇ ಎಂದು ನೋಡಿಕೊಂಡ ಮೇಲೆ ಮಾತ್ರ ಮುಂದಿನ ಹೆಜ್ಜೆ. ಹಬ್ಬದ ವಾರದ ವ್ಯಾಪಾರದಲ್ಲಿ ಬರುತ್ತದೆ ಎಂದು ನಂಬಿ ಘೋಷಿಸಬೇಡಿ.

ಕಾನೂನಿನ ಬೋನಸ್ಸನ್ನೂ ಹೊಟೇಲಿನ ಪಾಲನ್ನೂ ಬೇರೆ ಬೇರೆ ಇಡುವುದು ಭಾಷಣಕ್ಕಾಗಿಯೂ ಹೌದು. ಮೊದಲನೆಯದು ಅವರ ಹಕ್ಕು. ಅದನ್ನು "ನಾನು ಕೊಡ್ತಿದ್ದೀನಿ" ಎಂಬ ದನಿಯಲ್ಲಿ ಹೇಳಿದರೆ, ಗೊತ್ತಿದ್ದವರು ಮನಸ್ಸಿನಲ್ಲೇ ನಿಮ್ಮನ್ನು ಅಳೆದುಬಿಡುತ್ತಾರೆ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಗೊತ್ತಿಲ್ಲದವರು ಕಡಿಮೆ. ಹಕ್ಕನ್ನು ಹಕ್ಕೆಂದೇ ಹೇಳಿದರೆ ಎರಡನೆಯದರ ಬೆಲೆ ತಾನಾಗಿ ಏರುತ್ತದೆ.

ಅಡ್ವಾನ್ಸನ್ನು ಬೋನಸ್ಸಿನಲ್ಲಿ ಹಿಡಿಯಬೇಡಿ. ಅದಕ್ಕೆ ತಿಂಗಳ ಕಂತು ಹೇಗೂ ಇರುತ್ತದೆ. ಬೋನಸ್ ಪೂರ್ತಿ ಕೈಗೆ ಬರಲಿ.

ಚೀಟಿ ಮತ್ತು ಬ್ಯಾಂಕ್ ಖಾತೆ

ಮೊದಲೆಲ್ಲ ಕವರಿನಲ್ಲಿ ನಗದು ಕೊಡುತ್ತಿದ್ದೆವು. ಈಗ ಬ್ಯಾಂಕ್ ಖಾತೆಗೇ ಹಾಕಬೇಕು, ವೇತನ ಸಂಹಿತೆಯೂ ಹಾಗೇ ಹೇಳುತ್ತದೆ. ಒಂದು ವಾರ ಮುಂಚೆ ಎಲ್ಲರ ಖಾತೆಗೂ ಒಂದೊಂದು ರೂಪಾಯಿ ಕಳಿಸಿ ನೋಡಿ. ನಮ್ಮಲ್ಲಿ ಮೂರು ಖಾತೆ ಹಾಗೆ ಸಿಕ್ಕಿಬಿದ್ದವು: ಒಂದು ಬಳಸದೇ ನಿಂತುಹೋಗಿತ್ತು, ಒಂದರಲ್ಲಿ ಅಂಕಿ ತಪ್ಪಿತ್ತು, ಇನ್ನೊಂದು ಅಣ್ಣನ ಖಾತೆ. ಭಾಷಣದ ಸಂಜೆ ಇಪ್ಪತ್ತೊಂದು ಜನರ ಮೊಬೈಲ್ ಟಿಂಗ್ ಎಂದು ಮೂವರದ್ದು ಸುಮ್ಮನಿದ್ದರೆ ಹೇಗಿರುತ್ತಿತ್ತು!

ಖಾತೆಗೆ ಹಾಕಿದರೂ ಕವರ್ ಬಿಡಬೇಡಿ. ಅದರೊಳಗೆ ಒಂದು ಚೀಟಿ ಇಡಿ. ಹೆಸರು, ಎಷ್ಟು ತಿಂಗಳು ದುಡಿದದ್ದು, ಕಾನೂನಿನ ಬೋನಸ್ ಎಷ್ಟು, ಹೊಟೇಲಿನ ಪಾಲು ಎಷ್ಟು, ಒಟ್ಟು ಎಷ್ಟು. ನಾಲ್ಕೈದು ಸಾಲು ಸಾಕು. ಸಂಬಳವಿಲ್ಲದ ರಜೆ ಜಾಸ್ತಿ ಹಾಕಿದವರಿಗೆ ಲೆಕ್ಕ ಸ್ವಲ್ಪ ಇಳಿಯುತ್ತದೆ. ಅಂಥವರನ್ನು ಕಾರ್ಯಕ್ರಮದ ಮುಂಚೆಯೇ ಒಬ್ಬೊಬ್ಬರನ್ನಾಗಿ ಕರೆದು ಹೇಳಿಬಿಡಿ. ವೇದಿಕೆಯಲ್ಲಿ ಯಾರ ಮೊತ್ತವನ್ನೂ ಓದಬಾರದು, ನಿಯಮವನ್ನಷ್ಟೇ ಹೇಳಬೇಕು.

ಧನ್ಯವಾದ ಹೇಳುವ ಭಾಗ

ಇದಕ್ಕೆ ನಾನು ಮಾಡುವ ಕೆಲಸ ಇಷ್ಟೇ. ಹಾಜರಿ ಪುಸ್ತಕ ತೆರೆದು ಪ್ರತಿ ಹೆಸರಿನ ಮುಂದೆ ಆ ವರ್ಷ ನಾನೇ ಕಣ್ಣಾರೆ ಕಂಡ ಇಲ್ಲವೇ ಕಂಡವರಿಂದ ಕೇಳಿ ತಿಳಿದ ಒಂದು ಕೆಲಸ ಬರೆಯುತ್ತೇನೆ. ಗುಣ ಬರೆಯುವುದಿಲ್ಲ, ಕೆಲಸ ಬರೆಯುತ್ತೇನೆ. "ಒಳ್ಳೆಯವನು, ಪ್ರಾಮಾಣಿಕ" ಎಂದು ಇಪ್ಪತ್ತನಾಲ್ಕು ಸಲ ಹೇಳಿದರೆ ಯಾರಿಗೂ ಹೇಳಿದಂತಾಗುವುದಿಲ್ಲ. "ಧನುರ್ಮಾಸದ ಚಳಿಯಲ್ಲಿ ಹಿಟ್ಟು ಉಬ್ಬದಿದ್ದಾಗ ರಾತ್ರಿ ಎರಡಕ್ಕೆ ಎದ್ದು ಹಂಡೆಯನ್ನು ಒಲೆ ಹತ್ತಿರ ಸರಿಸಿದ" ಎಂದರೆ ಅದು ಅವನೊಬ್ಬನದೇ. ತಟ್ಟೆ ಇಡ್ಲಿ ಅಗಲ, ಒಳಗಿನವರೆಗೆ ಹತ್ತಿಯಂತಿರಬೇಕು. ಹಿಟ್ಟು ಹುದುಗದಿದ್ದರೆ ನಡುವೆ ಗಟ್ಟಿಯಾಗಿ ಉಳಿದುಬಿಡುತ್ತದೆ. ಕ್ಯಾತ್ಸಂದ್ರ ಪಕ್ಕದಲ್ಲೇ ಇರುವಾಗ ಅಂಥ ಇಡ್ಲಿಯನ್ನು ಗಿರಾಕಿಯ ಮುಂದೆ ಇಡುವಂತಿಲ್ಲ. ಆ ಹುಡುಗ ಎದ್ದಿದ್ದರಿಂದ ಅವತ್ತಿನ ಬೆಳಗಿನ ವ್ಯಾಪಾರ ಉಳಿಯಿತು.

ಕೆಲವು ಹೆಸರಿನ ಮುಂದೆ ಏನೂ ಹೊಳೆಯುವುದಿಲ್ಲ. ನನಗೆ ಪ್ರತಿ ವರ್ಷ ಹೀಗೆ ಮೂರ್ನಾಲ್ಕು ಹೆಸರು ಖಾಲಿ ಉಳಿಯುತ್ತವೆ, ಬಹುತೇಕ ಪಾತ್ರೆ ತೊಳೆಯುವ ಜಾಗದವರದು, ಯಾಕೆಂದರೆ ನಾನು ಗಲ್ಲಾದಲ್ಲಿ ಕೂತರೆ ಅವರು ಕಾಣುವುದಿಲ್ಲ. ಆಗ ಎರಡು ದಿನ ಹಿಂದಿನ ಬಾಗಿಲ ಹತ್ತಿರ ನಿಲ್ಲಿ, ಮ್ಯಾನೇಜರನ್ನು ಕೇಳಿ. 2024ರಲ್ಲಿ ನನಗೆ ಹಾಗೆ ತಿಳಿದದ್ದು: ಬರಗಾಲದ ಆ ಬೇಸಿಗೆಯಲ್ಲಿ ಟ್ಯಾಂಕರ್ ನೀರು ರಾತ್ರಿ ಹನ್ನೊಂದಕ್ಕೆ ಬರುತ್ತಿತ್ತು, ಪಾತ್ರೆ ತೊಳೆಯುವ ಇಬ್ಬರು ಅಕ್ಕಂದಿರು ಸಂಜೆಯ ಪಾತ್ರೆಗೆ ಕಡಿಮೆ ನೀರಲ್ಲಿ ಆಗುವಂತೆ ಮೂರು ತೊಟ್ಟಿಯ ಕ್ರಮ ಮಾಡಿಕೊಂಡಿದ್ದರು. ಮೊದಲನೆಯದು ಎಂಜಲು ಬಿಡಿಸಲು, ಎರಡನೆಯದು ಸೋಪಿಗೆ, ಮೂರನೆಯದು ಬಿಸಿನೀರು. ಯಾರೂ ಹೇಳಿಕೊಟ್ಟದ್ದಲ್ಲ.

ಭಾಷಣದಲ್ಲಿ ಮೊದಲ ಧನ್ಯವಾದ ಅವರಿಗೇ ಸಲ್ಲಲಿ. ಗಿರಾಕಿಗೆ ಕಾಣದವರಿಂದ ಶುರು ಮಾಡಿ ಕಾಣುವವರ ಕಡೆಗೆ ಬನ್ನಿ: ಪಾತ್ರೆ, ಕ್ಲೀನಿಂಗ್, ತರಕಾರಿ, ಗ್ರೈಂಡರ್, ಒಲೆ, ಸಪ್ಲೈ, ಪಾರ್ಸಲ್, ಗಲ್ಲಾ. ಈ ಕ್ರಮಕ್ಕೆ ಇನ್ನೊಂದು ಲಾಭವಿದೆ. ಹೊಟೇಲಿನ ಹಿಂಬಾಗಿಲಿಂದ ಮುಂಬಾಗಿಲಿಗೆ ನಡೆದು ಬಂದಂತೆ ಹೇಳುತ್ತಾ ಹೋದರೆ ಯಾರ ಹೆಸರೂ ತಪ್ಪುವುದಿಲ್ಲ. ಹೆಸರಿನ ಪಟ್ಟಿ ಕೈಯಲ್ಲಿರಲಿ, ಜ್ಞಾಪಕದ ಮೇಲೆ ಹೋಗಬೇಡಿ. ಒಂದು ಹೆಸರು ಬಿಟ್ಟರೆ ಉಳಿದ ಇಪ್ಪತ್ತಮೂರು ಹೇಳಿದ್ದು ಆ ಒಬ್ಬರಿಗೆ ನೋವೇ.

ಕೆಲವು ಮಾತು ಬೇಡ. "ನಾವೆಲ್ಲ ಒಂದೇ ಕುಟುಂಬ" ಬೇಡ. ಮನೆಯವರಿಗೆ ತಡವಾಗಿ ಬಂದರೆ ಸಂಬಳ ಹಿಡಿಯುವುದಿಲ್ಲ, ನಾವು ಹಿಡಿಯುತ್ತೇವೆ. "ಮುಂದಿನ ವರ್ಷ ಇನ್ನೂ ಜಾಸ್ತಿ" ಬೇಡವೇ ಬೇಡ, ಅದನ್ನು ಎಲ್ಲರೂ ನೆನಪಿಟ್ಟಿರುತ್ತಾರೆ. ಗ್ಲಾಸ್ ಒಡೆಯುತ್ತೀರಿ, ಮೊಬೈಲ್ ನೋಡುತ್ತೀರಿ ಎಂಬ ಬುದ್ಧಿಮಾತು ಅವತ್ತು ಬೇಡ, ಅದಕ್ಕೆ ವರ್ಷದ ಉಳಿದ ದಿನಗಳಿವೆ. ಇನ್ನು ಮುಖ್ಯ ಅತಿಥಿ. ನಾನು ಯಾರನ್ನೂ ಕರೆಯುವುದಿಲ್ಲ. ಅತಿಥಿ ಬಂದರೆ ಮಾತು ಅತಿಥಿಯ ಕಡೆ ತಿರುಗುತ್ತದೆ, ಸಿಬ್ಬಂದಿ ಮತ್ತೆ ಹಾರ ತರುವ, ಕಾಫಿ ಕೊಡುವ ಕೆಲಸಕ್ಕೆ ನಿಲ್ಲುತ್ತಾರೆ.

ಬೋನಸ್ ಯಾವಾಗ ಹೇಳಬೇಕು

ಕೊನೆಗೆ ಹೇಳಿದರೆ ಅಲ್ಲಿಯವರೆಗೆ ಯಾರ ಕಿವಿಗೂ ಏನೂ ಹೋಗುವುದಿಲ್ಲ, ಎಲ್ಲರೂ ಮೊತ್ತಕ್ಕೆ ಕಾಯುತ್ತಿರುತ್ತಾರೆ. ಮೊದಲೇ ಹೇಳಿದರೆ ಆಮೇಲಿನ ಧನ್ಯವಾದವನ್ನು ಕೇಳುವವರಿಲ್ಲ, ಪಕ್ಕದವನ ಜೊತೆ ಲೆಕ್ಕ ಶುರುವಾಗಿರುತ್ತದೆ. ನಾನು ಕಂಡುಕೊಂಡ ದಾರಿ ಹೀಗಿದೆ: ಎದ್ದು ನಿಂತ ಕೂಡಲೇ "ಬೋನಸ್ ಇದೆ, ಇವತ್ತು ಸಂಜೆಯೇ ಬರುತ್ತೆ, ಲೆಕ್ಕ ಆಮೇಲೆ ಹೇಳ್ತೀನಿ" ಎಂದು ಒಂದು ವಾಕ್ಯ ಹೇಳಿಬಿಡುವುದು. ಆತಂಕ ಇಳಿಯುತ್ತದೆ. ಆಮೇಲೆ ಎಂಟು ನಿಮಿಷ ಧನ್ಯವಾದ, ನಾಲ್ಕು ನಿಮಿಷ ಬೋನಸ್ಸಿನ ಲೆಕ್ಕ, ಊಟ. ಹನ್ನೆರಡು ನಿಮಿಷ ದಾಟಬಾರದು.

ಭಾಷೆಯ ವಿಷಯವೂ ಇದೆ. ನಮ್ಮಲ್ಲಿ ಪಾವಗಡದ ಕಡೆಯವರು ತೆಲುಗು ಮಾತಾಡುತ್ತಾರೆ, ಅವರಿಗೆ ಕನ್ನಡವೂ ಬರುತ್ತದೆ. ಒಡಿಶಾದ ಐವರು ಹುಡುಗರಿಗೆ ಗಿರಾಕಿಯ ಜೊತೆ ಮಾತಾಡುವಷ್ಟು ಕನ್ನಡ ಬರುತ್ತದೆ, ದುಡ್ಡಿನ ಲೆಕ್ಕ ಅರ್ಥವಾಗುವಷ್ಟು ಬರುವುದಿಲ್ಲ. ಬೋನಸ್ಸಿನ ಭಾಗವನ್ನು ಅವರಲ್ಲೇ ಹಿರಿಯ ಹುಡುಗನ ಹತ್ತಿರ ಹಿಂದಿಯಲ್ಲಿ ಹೇಳಿಸಿದೆವು. ಹಿಂದಿನ ರಾತ್ರಿ ಅವನನ್ನು ಕೂರಿಸಿಕೊಂಡು ಲೆಕ್ಕ ವಿವರಿಸಿ, ವಾಪಸ್ ನನಗೆ ಹೇಳು ಎಂದೆ. ಅವನು "ಎಲ್ಲರಿಗೂ ಹದಿನೆಂಟು ಸಾವಿರ" ಎಂದು ಅರ್ಥ ಮಾಡಿಕೊಂಡಿದ್ದ. ಅಲ್ಲೇ ತಿದ್ದಿದ್ದರಿಂದ ಬಚಾವಾದೆವು.

2024ರಲ್ಲಿ ನಾನು ಆಡಿದ ಮಾತು

ಹೆಸರುಗಳನ್ನು ಬಿಟ್ಟಿದ್ದೇನೆ, ನಡುವಿನ ಕೆಲವರ ಮಾತನ್ನೂ ಬಿಟ್ಟಿದ್ದೇನೆ. ಆಡುಮಾತಿನಲ್ಲೇ ಬರೆದುಕೊಂಡೆ, ಪುಸ್ತಕದ ಕನ್ನಡ ನನ್ನ ಬಾಯಲ್ಲಿ ನಿಲ್ಲುವುದಿಲ್ಲ.

"ಎಲ್ರಿಗೂ ನಮಸ್ಕಾರ. ಮೊದ್ಲು ಒಂದು ಮಾತು ಹೇಳ್ಬಿಡ್ತೀನಿ, ಇಲ್ಲಾಂದ್ರೆ ನೀವು ಅದನ್ನೇ ಯೋಚ್ನೆ ಮಾಡ್ತಾ ಕೂತಿರ್ತೀರ. ಬೋನಸ್ ಇದೆ. ಇವತ್ತು ಸಂಜೆ ಆರು ಗಂಟೆ ಒಳಗೆ ನಿಮ್ ನಿಮ್ ಖಾತೆಗೆ ಬರುತ್ತೆ. ಲೆಕ್ಕ ಆಮೇಲೆ ಬಿಡಿಸಿ ಹೇಳ್ತೀನಿ.

"ಹಿಂದಿನ ಬಾಗಿಲಿಂದ ಶುರು ಮಾಡ್ತೀನಿ. ಅಕ್ಕಾ, ನೀವಿಬ್ರೂ ಈ ಕಡೆ ಮುಂದೆ ಬಂದು ಕೂತ್ಕೊಳ್ಳಿ. ಬೇಸಿಗೇಲಿ ನೀರಿಲ್ದೆ ಊರಲ್ಲಿ ಎಷ್ಟೋ ಕಡೆ ಪ್ಲಾಸ್ಟಿಕ್ ತಟ್ಟೆ ಇಟ್ರು. ನಾವು ಒಂದು ದಿನಾನೂ ಇಡ್ಲಿಲ್ಲ. ಯಾಕೆ ಅಂದ್ರೆ ನೀವು ಮೂರು ತೊಟ್ಟಿ ಇಟ್ಕೊಂಡು ಅರ್ಧ ನೀರಲ್ಲಿ ಅಷ್ಟೂ ಪಾತ್ರೆ ತೊಳ್ದ್ರಿ. ಅದು ನಂಗೆ ಮೊನ್ನೆವರೆಗೂ ಗೊತ್ತಿರ್ಲಿಲ್ಲ. ಗೊತ್ತಿರ್ಬೇಕಿತ್ತು. ನಿಮ್ಗೆ ದೊಡ್ಡ ನಮಸ್ಕಾರ.

"ಗ್ರೈಂಡರ್ ಹತ್ರ ಇರೋ ನಮ್ ಹುಡ್ಗ. ಧನುರ್ಮಾಸದಲ್ಲಿ ಹಿಟ್ಟು ಉಬ್ಬದೇ ಇದ್ದ ದಿನ ನೀನು ರಾತ್ರಿ ಎರಡಕ್ಕೆ ಎದ್ದಿದ್ದೆ ಅಂತ ಭಟ್ರು ಹೇಳಿದ್ರು. ಬೆಳಿಗ್ಗೆ ಐದೂವರೆಗೆ ಮೊದಲ್ನೇ ಗಿರಾಕಿಗೆ ಇಡ್ಲಿ ಹೋಯ್ತು. ಅವ್ರಿಗೆ ಇದ್ಯಾವುದೂ ಗೊತ್ತಿಲ್ಲ. ನಮಗೆ ಗೊತ್ತು.

"ಭಟ್ರೇ, ನಿಮ್ಮ ಬಗ್ಗೆ ಏನು ಹೇಳ್ಲಿ. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ ಜನ ಬಂದಾಗ ಸಾಂಬಾರು ಮೂರು ಸಲ ಮಾಡ್ಬೇಕಾಯ್ತು. ಮೂರನೇ ಸಲದ್ದೂ ಮೊದಲ್ನೇ ಸಲದ ಥರಾನೇ ಇತ್ತು. ನೀರು ಹಾಕಿ ಉದ್ದ ಮಾಡೋಣ ಅಂತ ನಾನೇ ಬಾಯಿಬಿಟ್ಟು ಹೇಳಿದ್ದೆ. ನೀವು ಆಗಲ್ಲ ಅಂದ್ರಿ. ಆವತ್ತು ನೀವು ಹೇಳಿದ್ದೇ ಸರಿ.

"ಈಗ ಲೆಕ್ಕ. ಗಮನ ಇಟ್ಟು ಕೇಳಿ. ಎರಡು ಭಾಗ ಇದೆ. ಒಂದನೇದು ಬೋನಸ್. ಇದು ನೀವು ದುಡಿದಿದ್ದಕ್ಕೆ ಕಾನೂನು ಪ್ರಕಾರ ಬರ್ಬೇಕಾಗಿದ್ದು, ನಾನು ಕೊಡೋ ಇನಾಮಲ್ಲ. ಹೋದ ವರ್ಷ ಏಪ್ರಿಲ್‌ನಿಂದ ಈ ಮಾರ್ಚ್‌ವರೆಗೆ ಪೂರ್ತಿ ಇದ್ದೋರಿಗೆ ಒಂದು ತಿಂಗಳ ಸಂಬಳ. ನಡುವೆ ಸೇರಿದೋರಿಗೆ ಎಷ್ಟು ತಿಂಗಳೋ ಅಷ್ಟಕ್ಕೆ. ಹದಿನೈದು ಸಾವಿರ ಸಂಬಳ, ಏಳು ತಿಂಗಳು ಅಂದ್ರೆ ಎಂಟು ಸಾವಿರದ ಏಳ್ನೂರೈವತ್ತು. ಕೆಲ್ಸ ಬಿಟ್ಟು ಹೋದ ನಮ್ ಹುಡ್ಗನಿಗೂ ಅವ್ನ ಪಾಲು ಕಳಿಸ್ತಿದ್ದೀವಿ.

"ಎರಡನೇದು ಹೊಟೇಲಿಂದ ಹಬ್ಬದ ಪಾಲು. ಮೂರು ಸಾವಿರ. ಹಳಬ್ರು ಹೊಸಬ್ರು ಅಂತಿಲ್ಲ, ಇಪ್ಪತ್ತನಾಲ್ಕು ಜನಕ್ಕೂ ಒಂದೇ. ಈ ಜೂನಲ್ಲಿ ಸೇರಿದೋನಿಗೆ ಬೋನಸ್ ಮುಂದಿನ ವರ್ಷದ ಲೆಕ್ಕಕ್ಕೆ ಬರುತ್ತೆ, ಆದ್ರೆ ಹಬ್ಬದ ಪಾಲು ಇವತ್ತೇ ಬರುತ್ತೆ. ಮಾಸ್ಟರ್‌ಗಳು, ಮ್ಯಾನೇಜರ್ ನಾಲ್ಕು ಜನರ ಲೆಕ್ಕ ಬೇರೆ ಇದೆ, ಅವ್ರ ಚೀಟೀಲಿದೆ.

"ಅಡ್ವಾನ್ಸ್ ಇದ್ರಲ್ಲಿ ಒಂದು ರೂಪಾಯೀನೂ ಹಿಡ್ದಿಲ್ಲ. ಎಲ್ರ ಕವರಲ್ಲೂ ಚೀಟಿ ಇದೆ. ಮೊಬೈಲಲ್ಲಿ ಬಂದಿದ್ದಕ್ಕೂ ಚೀಟಿಗೂ ಒಂದು ರೂಪಾಯಿ ವ್ಯತ್ಯಾಸ ಇದ್ರೂ ನನ್ ಹತ್ರಾನೇ ಬನ್ನಿ. ಸಂಕೋಚ ಬೇಡ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ನಾನು ಸ್ಟೋರ್ ರೂಮಲ್ಲಿ ಇರ್ತೀನಿ.

"ಇವತ್ತು ಊಟಕ್ಕೆ ನೀವು ಯಾರೂ ಏಳ್ಬಾರ್ದು. ನಾನು, ನಮ್ಮನೆಯವ್ರು, ಮಕ್ಕಳು ಬಡಿಸ್ತೀವಿ. ಹೋಳಿಗೆ ಬೇರೆ ಕಡೆಯಿಂದ ತರ್ಸಿದೀವಿ ಭಟ್ರೇ, ಬೇಜಾರು ಮಾಡ್ಕೋಬೇಡಿ, ಇವತ್ತು ನಿಮ್ ಕೈಗೂ ರಜೆ."

ಭಟ್ಟರು ಹೋಳಿಗೆಯ ಹೂರಣಕ್ಕೆ ಏಲಕ್ಕಿ ಕಡಿಮೆಯಾಯಿತು ಎಂದರು, ಎರಡನೆಯದನ್ನೂ ಹಾಕಿಸಿಕೊಂಡರು.

ಇದನ್ನು ನಿಮ್ಮ ಹೊಟೇಲಿಗೆ ಒಗ್ಗಿಸಿಕೊಳ್ಳುವಾಗ ಬೋನಸ್ಸಿನ ಎರಡು ಪ್ಯಾರಾಗಳನ್ನು ಮಾತ್ರ ಪದಕ್ಕೆ ಪದ ಬರೆದುಕೊಂಡು, ಓದಿಯೇ ಹೇಳಿ. ಧನ್ಯವಾದವನ್ನು ಮುಖ ನೋಡಿ ಹೇಳಬೇಕು, ಲೆಕ್ಕವನ್ನು ಕಾಗದ ನೋಡಿ ಹೇಳಬೇಕು. ಚಪ್ಪಾಳೆಯ ಹುರುಪಿನಲ್ಲಿ "ನಡೀರಿ, ಮೂರಲ್ಲ, ಐದು ಸಾವಿರ ಇಟ್ಕೊಳ್ಳಿ" ಎಂದು ಬಾಯಿಗೆ ಬರುತ್ತದೆ. ಅದು ಇಪ್ಪತ್ತನಾಲ್ಕು ಜನಕ್ಕೆ 48,000 ರೂಪಾಯಿಯ ಮಾತು. ಕಾಗದ ಕೈಯಲ್ಲಿದ್ದರೆ ನಾಲಿಗೆ ತಡೆಯುತ್ತದೆ.

ಮಾರನೇ ದಿನ

ಭಾಷಣ ಸರಿಯಾಗಿ ತಲುಪಿತೇ ಎಂದು ಚಪ್ಪಾಳೆಯಿಂದ ತಿಳಿಯುವುದಿಲ್ಲ. ಮಾರನೇ ಬೆಳಿಗ್ಗೆ ಯಾರು ಯಾರನ್ನು ಏನು ಕೇಳುತ್ತಾರೆ ನೋಡಿ. ಲೆಕ್ಕದ ಅನುಮಾನವನ್ನು ನಿಮ್ಮ ಹತ್ತಿರವೇ ಕೇಳಿದರೆ ಮಾತು ತಲುಪಿದೆ. ಕ್ಯಾಷಿಯರನ್ನೋ ಮ್ಯಾನೇಜರನ್ನೋ ಮೂಲೆಗೆ ಕರೆದು ಕೇಳುತ್ತಿದ್ದರೆ, ಅಥವಾ ನೀವು ಹೋದ ಕೂಡಲೇ ಗುಂಪು ಚದುರಿದರೆ, ಎಲ್ಲೋ ಒಂದು ಕಡೆ ಹೇಳಿದ್ದಕ್ಕೂ ಬಂದದ್ದಕ್ಕೂ ತಾಳೆಯಾಗಿಲ್ಲ.

2024ರಲ್ಲಿ ಆ ಹನ್ನೊಂದು ಗಂಟೆಗೆ ಸ್ಟೋರ್ ರೂಮಿಗೆ ಇಬ್ಬರು ಬಂದರು. ಒಬ್ಬನಿಗೆ ಚೀಟಿ ಓದಲು ಬರುತ್ತಿರಲಿಲ್ಲ, ಓದಿ ಹೇಳಿದೆ. ಇನ್ನೊಬ್ಬ ಸೆಪ್ಟೆಂಬರಿನಲ್ಲಿ ಸೇರಿದ ಹುಡುಗ. ತಾನು ಸೇರಿದ್ದು ಆಗಸ್ಟ್ 20ಕ್ಕೆ, ಮೊದಲ ಹನ್ನೆರಡು ದಿನ ಕೈಸಂಬಳ ಕೊಟ್ಟಿದ್ರಿ, ಸಂಬಳದ ಪುಸ್ತಕದಲ್ಲಿ ಬರೆದಿಲ್ಲ ಎಂದ. ಹಾಜರಿ ಪುಸ್ತಕ ನೋಡಿದರೆ ಅವನು ಹೇಳಿದ್ದು ನಿಜ. ಹನ್ನೆರಡು ದಿನದ ಸಂಬಳ ಸುಮಾರು ಆರು ಸಾವಿರ, ಅದರ ಹನ್ನೆರಡನೇ ಒಂದು ಭಾಗ 500. ಅಲ್ಲೇ ಅವನ ಖಾತೆಗೆ ಹಾಕಿ, ಚೀಟಿಯನ್ನು ತಿದ್ದಿ ಸಹಿ ಮಾಡಿ ಕೊಟ್ಟೆ, ಬೋನಸ್ ರಿಜಿಸ್ಟರಿನಲ್ಲೂ ತಿದ್ದಿಸಿದೆ. ಅವನು ಹೊರಗೆ ಹೋಗಿ ಉಳಿದವರಿಗೆ ಆ ತಿದ್ದಿದ ಚೀಟಿಯನ್ನು ತೋರಿಸಿದನಂತೆ.